ಬಾಕಿ ಗೊತ್ತು, ಬಡ್ಡಿ ಗೊತ್ತು, ಇಎಂಐ ಗೊತ್ತು: ಇನ್ನೆಷ್ಟು ಕಂತು? ಲಾಗ್ ಹಾಕಿ ಲೆಕ್ಕ ಮಾಡುವ ಬಗೆ

“ಮನೆ ಸಾಲ 25 ಲಕ್ಷ ಬಾಕಿ ಇದೆ. ತಿಂಗಳಿಗೆ 25 ಸಾವಿರ ಕಟ್ತೀನಿ. ನೂರು ಕಂತಿಗೆ ಮುಗೀಬೇಕಿತ್ತು, ಬಡ್ಡಿ ಸೇರಿ ನೂರಾ ಇಪ್ಪತ್ತು ಅಂತಿಟ್ಕೊಳ್ಳಿ. ಬ್ಯಾಂಕಿನವರು 186 ಅಂತಾರಲ್ಲ, ಇದು ಸರಿಯಾ?” ಈ ಧಾಟಿಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಪ್ರತಿ ಸಲ ಉತ್ತರ ಒಂದೇ: ಬಡ್ಡಿ ದರ ಶೇ. 9 ಇದ್ದರೆ 186 ಸರಿ. ಆದರೆ ನಾನು ಹೇಳಿದೆ ಅಂತ ನಂಬಬೇಕಾಗಿಲ್ಲ. ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಸಾಕು, ಐದು ನಿಮಿಷದಲ್ಲಿ ನೀವೇ ಕಂಡುಹಿಡಿಯಬಹುದು.

ಈ ಪ್ರಶ್ನೆ ಜಾಸ್ತಿಯಾಗಲು ಒಂದು ಕಾರಣವಿದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ತನ್ನ ರೆಪೊ ದರವನ್ನು ಶೇ. 4ರಿಂದ ಶೇ. 6.5ಕ್ಕೆ ಏರಿಸಿತು. ರೆಪೊ ಅಂದರೆ ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ. ಬದಲಾಗುವ ಬಡ್ಡಿಯ, ಅಂದರೆ ಫ್ಲೋಟಿಂಗ್ ದರದ ಗೃಹಸಾಲಗಳು ಹೆಚ್ಚಾಗಿ ಇದಕ್ಕೇ ಜೋತುಬಿದ್ದಿರುತ್ತವೆ. ದರ ಏರಿದಾಗ ಬಹಳಷ್ಟು ಕಡೆ ಇಎಂಐ ಹಾಗೇ ಉಳಿಯಿತು, ಕಂತುಗಳ ಸಂಖ್ಯೆ ಮಾತ್ರ ಸದ್ದಿಲ್ಲದೆ ಬೆಳೆಯಿತು. ಖಾತೆಯಿಂದ ಪ್ರತಿ ತಿಂಗಳು ಅದೇ ಮೊತ್ತ ಹೋಗುತ್ತಿದ್ದರೆ ಯಾರು ತಾನೇ ಗಮನಿಸುತ್ತಾರೆ?

ಸಾಲ, ಬಡ್ಡಿ, ಅವಧಿ ಕೊಟ್ಟರೆ ಇಎಂಐ ಹೇಳುವ ಪುಟಗಳು ಬೇಕಾದಷ್ಟಿವೆ. ನಮಗೆ ಬೇಕಿರುವುದು ಅದರ ಉಲ್ಟಾ. ಇಎಂಐ ಗೊತ್ತಿದೆ, ಅವಧಿ ಗೊತ್ತಿಲ್ಲ. ಇಲ್ಲಿ ಬರಿಯ ಕೂಡು, ಕಳೆ, ಗುಣಿಸು, ಭಾಗಿಸುಗಳಿಂದ ನೇರವಾಗಿ ಉತ್ತರ ಸಿಗುವುದಿಲ್ಲ. ಲಾಗ್ ಬೇಕು. ಹೈಸ್ಕೂಲಿನಲ್ಲಿ ಲಘುಗಣಕ ಅಂತ ಓದಿ ಮರೆತಿದ್ದೇವಲ್ಲ, ಅದೇ.

ಲಾಗ್ ಇಲ್ಲಿಗೆ ಯಾಕೆ ಬಂತು?

ಸೂತ್ರಕ್ಕೆ ಹೋಗುವ ಮೊದಲು ಇದನ್ನೊಂದು ತಿಳಿದುಕೊಂಡರೆ ಮುಂದಿನದು ಸುಲಭ. ಬೇಗ ಹೋಗಬೇಕು ಅನ್ನುವವರು ನೇರ ಹಂತ 1ಕ್ಕೆ ಜಿಗಿಯಬಹುದು. ಆದರೆ ನನ್ನ ಮಟ್ಟಿಗೆ ಈ ಲೆಕ್ಕದಲ್ಲಿ ಚೆಂದದ ಭಾಗ ಇರುವುದು ಇಲ್ಲೇ.

ಬಾಕಿ 25,00,000, ಬಡ್ಡಿ ವರ್ಷಕ್ಕೆ ಶೇ. 9, ಇಎಂಐ 25,000. ತಿಂಗಳ ಬಡ್ಡಿ ಶೇ. 0.75. ಮೊದಲ ತಿಂಗಳು ಬಡ್ಡಿಯೇ 18,750 ರೂಪಾಯಿ. ಇಎಂಐನಲ್ಲಿ ಅದು ಹೋಗಿ ಉಳಿದ 6,250 ಮಾತ್ರ ಅಸಲಿಗೆ ಜಮಾ ಆಗುತ್ತದೆ.

ಎರಡನೇ ತಿಂಗಳು ಏನಾಗುತ್ತದೆ? ಅಸಲು 6,250 ಕಮ್ಮಿಯಾಗಿದೆ. ಆ 6,250ಕ್ಕೆ ಕಟ್ಟಬೇಕಿದ್ದ ಬಡ್ಡಿ, ಸುಮಾರು 47 ರೂಪಾಯಿ, ಈಗ ಉಳಿಯಿತು. ಇಎಂಐ ಅಷ್ಟೇ ಇರುವುದರಿಂದ ಈ 47 ರೂಪಾಯಿಯೂ ಅಸಲಿಗೇ ಹೋಗುತ್ತದೆ. ಹಾಗಾಗಿ ಎರಡನೇ ತಿಂಗಳು ಅಸಲಿಗೆ 6,297. ಮೂರನೇ ತಿಂಗಳು 6,344. ಪ್ರತಿ ತಿಂಗಳೂ ಅಸಲಿನ ಪಾಲು ಹಿಂದಿನ ತಿಂಗಳಿಗಿಂತ ಶೇ. 0.75ರಷ್ಟು ದಪ್ಪ ಆಗುತ್ತಾ ಹೋಗುತ್ತದೆ. ಅಂದರೆ ನಿಮ್ಮ ಅಸಲಿನ ಪಾಲು ಕೂಡ ಚಕ್ರಬಡ್ಡಿಯ ಹಾಗೆಯೇ ಬೆಳೆಯುತ್ತದೆ, ಈ ಸಲ ನಿಮ್ಮ ಪರವಾಗಿ.

ಇದು ಎಲ್ಲಿಯವರೆಗೆ ಬೆಳೆಯುತ್ತದೆ? ಸಾಲ ಸೊನ್ನೆಯಾದ ದಿನ ಬಡ್ಡಿಯೂ ಸೊನ್ನೆ. ಆಮೇಲೂ ಒಂದು ಕಂತು ಕಟ್ಟಿದಿರಿ ಅಂತಿಟ್ಟುಕೊಳ್ಳಿ, ಅದರಲ್ಲಿ ಬಡ್ಡಿಗೆ ಹೋಗುವುದು ಏನೂ ಇಲ್ಲ, ಪೂರ್ತಿ 25,000 ಅಸಲೇ. ಹಾಗಾಗಿ ನಮ್ಮ ಪ್ರಶ್ನೆ ಇಷ್ಟಕ್ಕೆ ಬಂದು ನಿಲ್ಲುತ್ತದೆ: ತಿಂಗಳಿಗೆ ಶೇ. 0.75ರಂತೆ ಬೆಳೆಯುತ್ತಾ 6,250 ಅನ್ನುವುದು 25,000 ಆಗಲು ಎಷ್ಟು ತಿಂಗಳು ಬೇಕು? ಅಂದರೆ ನಾಲ್ಕು ಪಟ್ಟು ಆಗಲು ಎಷ್ಟು ತಿಂಗಳು?

1.0075ನ್ನು ಅದರಿಂದಲೇ ಎಷ್ಟು ಸಲ ಗುಣಿಸಿದರೆ 4 ಬರುತ್ತದೆ ಅನ್ನುವ ಪ್ರಶ್ನೆ ಇದು. “ಎಷ್ಟು ಸಲ ಗುಣಿಸಬೇಕು” ಎಂಬುದಕ್ಕೆ ಉತ್ತರ ಕೊಡುವುದೇ ಲಾಗ್‌ನ ಕೆಲಸ. ಹೀಗಾಗಿ ಸೂತ್ರ ಇಷ್ಟೇ:

```
n = log( EMI / (EMI - B*r) ) / log(1 + r)
```

ಇಲ್ಲಿ `B` ಎಂದರೆ ಬಾಕಿ ಅಸಲು, `r` ಎಂದರೆ ಒಂದು ತಿಂಗಳ ಬಡ್ಡಿ ದರ, `n` ಎಂದರೆ ಉಳಿದ ಕಂತುಗಳು. `B*r` ಅನ್ನುವುದು ಮೊದಲ ತಿಂಗಳ ಬಡ್ಡಿ. ಪುಸ್ತಕಗಳಲ್ಲಿ ಇದನ್ನೇ ಹೀಗೆ ಬರೆದಿರುವುದನ್ನು ನೋಡಿರಬಹುದು:

```
n = -log(1 - B*r/EMI) / log(1 + r)
```

ಎರಡೂ ಒಂದೇ. ಎರಡನೆಯದರಲ್ಲಿ ಮುಂದಿರುವ ಮೈನಸ್ ಚಿಹ್ನೆ ಬಿಟ್ಟುಹೋಗಿ ಜನ ಎಡವುತ್ತಾರೆ, ಅದಕ್ಕೇ ನಾನು ಮೊದಲನೆಯದನ್ನೇ ಹಿಡಿದು ಹೋಗುತ್ತೇನೆ.

ಏನೇನು ಬೇಕು

ಮೂರು ಅಂಕಿ ಮತ್ತು `log` ಅಥವಾ `ln` ಗುಂಡಿ ಇರುವ ಕ್ಯಾಲ್ಕುಲೇಟರ್. ಬಹಳಷ್ಟು ಫೋನ್‌ಗಳಲ್ಲಿ ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅಡ್ಡ ಹಿಡಿದರೆ ಈ ಗುಂಡಿಗಳು ಕಾಣಿಸಿಕೊಳ್ಳುತ್ತವೆ. ಪಿಯುಸಿಯ ಹಳೆಯ ನಾಲ್ಕಂಕಿ ಲಾಗ್ ಟೇಬಲ್ ಇದ್ದರೆ ದಯವಿಟ್ಟು ಕಪಾಟಿನಲ್ಲೇ ಇರಲಿ. ಯಾಕೆಂದು ಹಂತ 5ರಲ್ಲಿ ಹೇಳುತ್ತೇನೆ.

ಹಂತ 1: ಮೂರು ಅಂಕಿಗಳನ್ನು ಸರಿಯಾಗಿ ತೆಗೆದುಕೊಳ್ಳಿ

ಬಾಕಿ ಅಸಲು, ಈಗಿನ ವಾರ್ಷಿಕ ಬಡ್ಡಿ ದರ, ಇಎಂಐ. ಮೂರೂ ಸಾಲದ ಸ್ಟೇಟ್‌ಮೆಂಟಿನಲ್ಲಿ ಇರುತ್ತವೆ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ಇಂಥ ಸಾಲಗಳಿಗೆ ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಕೊಡಬೇಕು. ಅದರಲ್ಲಿ ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಇಎಂಐ ಮೊತ್ತ, ಉಳಿದ ಕಂತುಗಳ ಸಂಖ್ಯೆ ಇರಬೇಕು. ಉಳಿದ ಕಂತುಗಳನ್ನು ಅವರೇ ಬರೆದಿರುತ್ತಾರೆ, ನಿಜ. ನಿಮ್ಮ ಲೆಕ್ಕ ಅದಕ್ಕೆ ತಾಳೆಯಾಗುತ್ತದಾ ನೋಡುವುದೇ ಮೊದಲ ಉಪಯೋಗ.

ಬಾಕಿಯ ವಿಷಯದಲ್ಲಿ ಎಚ್ಚರ. ಕೆಲವು ಆಪ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಮೊತ್ತದಲ್ಲಿ ದಂಡ, ಶುಲ್ಕ, ಇನ್ನೂ ಕಟ್ಟದ ಬಡ್ಡಿ ಎಲ್ಲ ಸೇರಿರುತ್ತದೆ. ನಮಗೆ ಬೇಕಿರುವುದು ಬರೀ ಅಸಲು. ಅದೂ ಒಂದು ಕಂತು ಜಮಾ ಆದ ಮರುಕ್ಷಣದ ಅಸಲು, ಯಾಕೆಂದರೆ ಮುಂದಿನ ಕಂತಿಗೆ ಸರಿಯಾಗಿ ಒಂದು ತಿಂಗಳಿದೆ ಅಂತ ಸೂತ್ರ ನಂಬಿಕೊಂಡಿರುತ್ತದೆ. ಇಎಂಐಗೆ ವಿಮೆಯ ಕಂತು ಜೋಡಿಸಿದ್ದರೆ ಅದನ್ನು ಕಳೆದು ತೆಗೆದುಕೊಳ್ಳಿ.

ಹಂತ 2: ವರ್ಷದ ದರವನ್ನು ತಿಂಗಳಿಗೆ ಇಳಿಸಿ

9ನ್ನು 12ರಿಂದ ಭಾಗಿಸಿ, ಮತ್ತೆ 100ರಿಂದ ಭಾಗಿಸಿ. 0.0075 ಬರುತ್ತದೆ. ಇದೇ `r`.

ಇಲ್ಲಿ ತಪ್ಪು ಮಾಡುವವರೇ ಜಾಸ್ತಿ. 100ರಿಂದ ಭಾಗಿಸುವುದು ಮರೆತು 0.75 ಇಟ್ಟುಕೊಂಡರೆ, ಅಥವಾ 12ರಿಂದ ಭಾಗಿಸುವುದು ಮರೆತು 0.09 ಇಟ್ಟುಕೊಂಡರೆ, ಮೊದಲ ತಿಂಗಳ ಬಡ್ಡಿಯೇ ಲಕ್ಷಗಟ್ಟಲೆ ಬರುತ್ತದೆ. ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಇದು ಒಳ್ಳೆಯ ತಪ್ಪು, ತಾನೇ ಕೂಗಿ ಹೇಳುತ್ತದಲ್ಲ. ಕೆಟ್ಟ ತಪ್ಪು ಅಂದರೆ ದುಂಡು ಮಾಡುವುದು. ದರ ಶೇ. 8.35 ಇದ್ದರೆ `r` 0.00695833. ಅದನ್ನು 0.007 ಮಾಡಿಬಿಟ್ಟರೆ ದರವನ್ನು ಶೇ. 8.4 ಮಾಡಿದ ಹಾಗೆ. ಲೆಕ್ಕ ಸದ್ದಿಲ್ಲದೆ ಕೆಡುತ್ತದೆ. ಬಂದಷ್ಟೂ ದಶಮಾಂಶಗಳನ್ನು ಹಾಗೇ ಇಟ್ಟುಕೊಳ್ಳಿ.

ಹಂತ 3: ಮೊದಲ ತಿಂಗಳ ಬಡ್ಡಿ, ಮೊದಲ ತಿಂಗಳ ಅಸಲು

```
25,00,000 x 0.0075 = 18,750
25,000 - 18,750 = 6,250
```

ಇಲ್ಲಿ ಒಂದು ಕ್ಷಣ ನಿಂತು ಎರಡನೇ ಸಾಲಿನ ಉತ್ತರ ನೋಡಿ. ಅದು ಸೊನ್ನೆ ಅಥವಾ ಮೈನಸ್ ಆಗಿದ್ದರೆ ಮುಂದೆ ಹೋಗಬೇಡಿ. ಇಎಂಐ ಬಡ್ಡಿಗೂ ಸಾಲುತ್ತಿಲ್ಲ ಅಂತ ಅದರ ಅರ್ಥ. ಎಷ್ಟು ವರ್ಷ ಕಟ್ಟಿದರೂ ಸಾಲ ಕರಗುವುದಿಲ್ಲ, ಮೈನಸ್ ಆಗಿದ್ದರೆ ಇನ್ನೂ ಬೆಳೆಯುತ್ತದೆ. ಲಾಗ್ ಕೂಡ ಇಲ್ಲಿ ಕೈ ಎತ್ತುತ್ತದೆ, ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ, ಮೈನಸ್ ಸಂಖ್ಯೆಗೆ ಲಾಗ್ ಇಲ್ಲ. ಹೀಗೆ ಅವಧಿ ಹಿಗ್ಗಿಸುವ ಭರದಲ್ಲಿ ಅಸಲು ಬೆಳೆಯುವ ಸ್ಥಿತಿಗೆ ಸಾಲವನ್ನು ತಳ್ಳಬಾರದು ಅಂತಲೂ ಆ 2023ರ ಸುತ್ತೋಲೆ ಹೇಳುತ್ತದೆ.

ಸೊನ್ನೆಯ ಹತ್ತಿರ ಹೋದಾಗ ಏನಾಗುತ್ತದೆ ಅನ್ನುವುದು ಇನ್ನೂ ಮುಖ್ಯ. ಇದೇ ಸಾಲಕ್ಕೆ ಇಎಂಐ 19,000 ಇದ್ದರೆ ಅಸಲಿಗೆ ಹೋಗುವುದು ಮೊದಲ ತಿಂಗಳು ಬರೀ 250 ರೂಪಾಯಿ. ಕಂತುಗಳು 580. ಅಂದರೆ 48 ವರ್ಷ! ಇಎಂಐ 20,000 ಮಾಡಿದರೆ 372ಕ್ಕೆ ಇಳಿಯುತ್ತದೆ. ಒಂದು ಸಾವಿರ ರೂಪಾಯಿಗೆ 208 ತಿಂಗಳು. ಬಡ್ಡಿಯ ಅಂಚಿನಲ್ಲಿ ಓಡುವ ಸಾಲದಲ್ಲಿ ಸಣ್ಣ ಬದಲಾವಣೆಗೂ ಇಷ್ಟು ದೊಡ್ಡ ಪರಿಣಾಮ ಇರುತ್ತದೆ.

ಹಂತ 4: ಪಟ್ಟು ಕಂಡುಹಿಡಿಯಿರಿ

```
25,000 / 6,250 = 4
```

ನಿಮ್ಮ ಲೆಕ್ಕದಲ್ಲಿ ಇಷ್ಟು ದುಂಡಗೆ ಬರುವುದಿಲ್ಲ. 2.87 ಅಂತಲೋ 3.4413 ಅಂತಲೋ ಬರುತ್ತದೆ. ಪರವಾಗಿಲ್ಲ, ನಾಲ್ಕೈದು ದಶಮಾಂಶ ಇಟ್ಟುಕೊಳ್ಳಿ. ಉತ್ತರ 1ಕ್ಕಿಂತ ಜಾಸ್ತಿಯೇ ಇರಬೇಕು. ಕಮ್ಮಿ ಬಂದರೆ ಭಾಗಾಕಾರ ತಲೆಕೆಳಗಾಗಿದೆ.

ಹಂತ 5: ಲಾಗ್ ತೆಗೆದು ಭಾಗಿಸಿ

```
log(4)      = 0.602060
log(1.0075) = 0.003245055
0.602060 / 0.003245055 = 185.53
```

ಫೋನಿನಲ್ಲಿ `log` ಗುಂಡಿ 10ರ ಬುಡದ ಲಾಗ್ ಕೊಡುತ್ತದೆ, `ln` ಗುಂಡಿ e ಎಂಬ ಸಂಖ್ಯೆಯ ಬುಡದ ಸಹಜ ಲಾಗ್ ಕೊಡುತ್ತದೆ. ಯಾವುದನ್ನು ಬಳಸಿದರೂ ಉತ್ತರ ಒಂದೇ, ಮೇಲೆ ಕೆಳಗೆ ಒಂದೇ ಗುಂಡಿ ಬಳಸಿದರೆ ಮಾತ್ರ. ಮೇಲೆ `ln`, ಕೆಳಗೆ `log` ಒತ್ತಿದರೆ ಉತ್ತರ 2.3026 ಪಟ್ಟು ಉಬ್ಬಿ 427 ಬರುತ್ತದೆ. ಉತ್ತರ ಅಸಂಬದ್ಧವಾಗಿ ದೊಡ್ಡದೋ ಚಿಕ್ಕದೋ ಆಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಇನ್ನೊಂದು ಬಲೆ ಕೆಳಗಿನ ಲಾಗ್‌ನಲ್ಲಿದೆ. ಅದು ತುಂಬಾ ಪುಟ್ಟ ಸಂಖ್ಯೆ, ಅದರಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಉತ್ತರದಲ್ಲಿ ವರ್ಷದ ವ್ಯತ್ಯಾಸ ಬರುತ್ತದೆ. 0.003245 ಅನ್ನುವ ಬದಲು 0.003 ಅಂತ ತೆಗೆದುಕೊಂಡರೆ ಉತ್ತರ 200.7. ಹದಿನೈದು ತಿಂಗಳು ಜಾಸ್ತಿ! ನಾಲ್ಕಂಕಿ ಲಾಗ್ ಟೇಬಲ್ ಬೇಡ ಅಂದದ್ದು ಇದಕ್ಕೇ. ಅದರಲ್ಲಿ 1.007ಕ್ಕೆ 0.0030, 1.008ಕ್ಕೆ 0.0035 ಇರುತ್ತದೆ. ನಡುವೆ ಅಂದಾಜು ಮಾಡಿ 0.0032 ಹಿಡಿದರೆ 188, 0.0033 ಹಿಡಿದರೆ 182. ಯಾವುದನ್ನು ನಂಬುವುದು? ಕ್ಯಾಲ್ಕುಲೇಟರಿನಲ್ಲಿ ಬಂದ ಸಂಖ್ಯೆಯನ್ನು ಕಾಗದದ ಮೇಲೆ ಚಿಕ್ಕದಾಗಿ ಬರೆದುಕೊಂಡು ಮತ್ತೆ ಒತ್ತಬೇಡಿ. ಇಡೀ ಲೆಕ್ಕವನ್ನು ಒಂದೇ ಸಾಲಿನಲ್ಲಿ ಒತ್ತಿಬಿಡಿ:

```
ln(4) / ln(1.0075)
```

ಹಂತ 6: 185.53 ಅಂದರೆ ಏನು?

ಅರ್ಧ ಕಂತು ಅಂತ ಒಂದಿರುವುದಿಲ್ಲ. 185 ಪೂರ್ತಿ ಕಂತು, ಆಮೇಲೆ ಒಂದು ಚಿಕ್ಕ ಕಂತು, ಒಟ್ಟು 186. ಹಾಗಾಗಿ ಯಾವಾಗಲೂ ಮೇಲಕ್ಕೇ ದುಂಡು ಮಾಡಬೇಕು. 371.06 ಬಂದರೂ 372ನೇ ತಿಂಗಳು ಒಂದು ಪುಟ್ಟ ಮೊತ್ತ ಕಟ್ಟಲೇಬೇಕು.

ಕೊನೆಯ ಕಂತು ಎಷ್ಟು? ದಶಮಾಂಶದ ಭಾಗವನ್ನು ಇಎಂಐಯಿಂದ ಗುಣಿಸಿದರೆ ಹತ್ತಿರದ ಅಂದಾಜು ಸಿಗುತ್ತದೆ: 0.53 ಗುಣಿಸು 25,000, ಅಂದರೆ 13,250ರ ಆಸುಪಾಸು. ಕೂಲಂಕಷವಾಗಿ ಲೆಕ್ಕ ಹಾಕಿದರೆ 13,312 ಬರುತ್ತದೆ. ಬ್ಯಾಂಕು ಪ್ರತಿ ತಿಂಗಳ ಬಡ್ಡಿಯನ್ನು ರೂಪಾಯಿಗೆ ದುಂಡು ಮಾಡುವುದರಿಂದ ಕೊನೆಯ ಕಂತಿನಲ್ಲಿ ಇನ್ನೊಂದಿಷ್ಟು ಆಚೀಚೆ ಆಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಕಡೆ ಕಂತುಗಳ ಸಂಖ್ಯೆಯಲ್ಲೇ ಒಂದರ ವ್ಯತ್ಯಾಸ ಬರಬಹುದು. ಐದು, ಹತ್ತು ಕಂತಿನ ವ್ಯತ್ಯಾಸ ಬಂದರೆ ಮಾತ್ರ ಬ್ಯಾಂಕಿನಲ್ಲಿ ಕೇಳಿ.

ಹಂತ 7: ಲಾಗ್ ಇಲ್ಲದೆ ತಾಳೆ ನೋಡಿ

ಕ್ಯಾಲ್ಕುಲೇಟರಿನಲ್ಲಿ ಘಾತದ ಗುಂಡಿ ಇರುತ್ತದೆ, `x^y` ಅಂತಲೋ `^` ಅಂತಲೋ. ಅದರಿಂದ ಎರಡು ಸಲ ಒತ್ತಿ:

```
1.0075^185 = 3.984
1.0075^186 = 4.014
```

185ಕ್ಕೆ 4 ಮುಟ್ಟಿಲ್ಲ, 186ಕ್ಕೆ ದಾಟಿದೆ. ಉತ್ತರ ಸರಿ ಇದೆ.

ಬಾಯಿಲೆಕ್ಕದಲ್ಲೂ ಒಂದು ಅಂದಾಜು ಮಾಡಬಹುದು. ದುಡ್ಡು ದುಪ್ಪಟ್ಟಾಗಲು 72ನ್ನು ಬಡ್ಡಿ ದರದಿಂದ ಭಾಗಿಸಿದಷ್ಟು ವರ್ಷ ಬೇಕು ಅನ್ನುತ್ತಾರಲ್ಲ, ಅದೇ ಇಲ್ಲೂ ನಡೆಯುತ್ತದೆ. ಶೇ. 9ಕ್ಕೆ 8 ವರ್ಷ. ನಾಲ್ಕು ಪಟ್ಟು ಅಂದರೆ ಎರಡು ಸಲ ದುಪ್ಪಟ್ಟು, 16 ವರ್ಷ. ನಮ್ಮ ಉತ್ತರ ಹದಿನೈದೂವರೆ ವರ್ಷ. ಸಾಕಲ್ವಾ, ಇಷ್ಟು ಹತ್ತಿರ ಬಂದರೆ? ಕ್ಯಾಲ್ಕುಲೇಟರ್ 427 ತೋರಿಸಿದಾಗ ಮೋಸ ಹೋಗದಿರಲು ಈ ಅಂದಾಜು ಒಳ್ಳೆಯ ಕಾವಲು.

ಸ್ಪ್ರೆಡ್‌ಶೀಟಿನಲ್ಲಿ ಮಾಡುವುದಾದರೆ

ಎಕ್ಸೆಲ್, ಗೂಗಲ್ ಶೀಟ್ಸ್ ಎರಡರಲ್ಲೂ ಇದಕ್ಕೆಂದೇ ಒಂದು ಫಂಕ್ಷನ್ ಇದೆ:

```
=NPER(9%/12, -25000, 2500000)
```

25000ದ ಹಿಂದಿರುವ ಮೈನಸ್ ಬಿಡಬೇಡಿ. ಸಾಲ ನಿಮ್ಮ ಕೈಗೆ ಬಂದ ದುಡ್ಡು, ಇಎಂಐ ಕೈಯಿಂದ ಹೋಗುವ ದುಡ್ಡು, ಎರಡಕ್ಕೂ ವಿರುದ್ಧ ಚಿಹ್ನೆ ಇರಬೇಕು ಅನ್ನುವುದು ಅದರ ಕಟ್ಟಳೆ. ಮೈನಸ್ ಬಿಟ್ಟರೆ ಉತ್ತರ -74.9 ಬರುತ್ತದೆ. “ಓ, ಮೈನಸ್ ಸುಮ್ನೆ ಬಂದಿದೆ, 75 ಕಂತು ಇರಬೇಕು” ಅಂದುಕೊಂಡು ಖುಷಿಪಟ್ಟವರಿದ್ದಾರೆ. ಆ 75ಕ್ಕೆ ನಿಮ್ಮ ಸಾಲದ ಜೊತೆ ಸಂಬಂಧವೇ ಇಲ್ಲ. `#NUM!` ಅಂತ ಬಂದರೆ ಹಂತ 3ರಲ್ಲಿ ಹೇಳಿದ ಕಾಯಿಲೆ, ಇಎಂಐ ಬಡ್ಡಿಗೆ ಸಾಲುತ್ತಿಲ್ಲ.

ಈಗ ಇದನ್ನು ಉಪಯೋಗಕ್ಕೆ ಹಚ್ಚೋಣ

ಮೊದಲಿಗೆ ಬಡ್ಡಿ ಏರಿದ್ದರ ಪರಿಣಾಮ. ಅದೇ 25 ಲಕ್ಷ, ಅದೇ 25,000 ಇಎಂಐ, ದರ ಮಾತ್ರ ಶೇ. 6.5 ಇದ್ದಿದ್ದರೆ? ಮೊದಲ ತಿಂಗಳ ಬಡ್ಡಿ 13,541.67, ಅಸಲಿಗೆ 11,458.33, ಪಟ್ಟು 2.1818. ಲಾಗ್ ಹಾಕಿದರೆ 144.42, ಅಂದರೆ 145 ಕಂತು. ದರ ಎರಡೂವರೆ ಶೇಕಡಾ ಏರಿದ್ದಕ್ಕೆ 41 ಕಂತು ಜಾಸ್ತಿ. ದುಡ್ಡಿನಲ್ಲಿ ಹೇಳುವುದಾದರೆ ಸುಮಾರು 10 ಲಕ್ಷದ 28 ಸಾವಿರ. ಗಮನಿಸಿ, ಏರಿಕೆಯ ಪರಿಣಾಮ ಎರಡು ಕಡೆ ಆಗುತ್ತದೆ. ಬೆಳವಣಿಗೆಯ ವೇಗ ಜಾಸ್ತಿಯಾಗುತ್ತದೆ, ಅದು ನಮಗೆ ಒಳ್ಳೆಯದೇ. ಆದರೆ ಮೊದಲ ತಿಂಗಳ ಅಸಲು 11,458ರಿಂದ 6,250ಕ್ಕೆ ಕುಸಿಯುತ್ತದೆ, ಏರಬೇಕಾದ ಮೆಟ್ಟಿಲುಗಳೇ ಹೆಚ್ಚಾಗುತ್ತವೆ. ಎರಡನೆಯದೇ ಗೆಲ್ಲುತ್ತದೆ.

ದರ ಬದಲಾದಾಗ ಇಎಂಐ ಏರಿಸುವುದೋ, ಅವಧಿ ಹಿಗ್ಗಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಅನ್ನುವ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು ಅಂತ ಅದೇ ಸುತ್ತೋಲೆಯಲ್ಲಿದೆ. ಆ ಆಯ್ಕೆ ಮಾಡುವ ಮೊದಲು ಈ ಲೆಕ್ಕ ಕೈಯಲ್ಲಿರಲಿ. ಶೇ. 9ರಲ್ಲೇ ಇಎಂಐಯನ್ನು 27,000 ಮಾಡಿದರೆ ಮೊದಲ ತಿಂಗಳ ಅಸಲು 8,250, ಪಟ್ಟು 3.2727, ಉತ್ತರ 158.68. ಅಂದರೆ 159 ಕಂತು. ತಿಂಗಳಿಗೆ ಎರಡು ಸಾವಿರ ಜಾಸ್ತಿ ಕಟ್ಟಿದರೆ 27 ಕಂತು ಕಮ್ಮಿ. 30,000 ಮಾಡಿದರೆ 132. ಮೊದಲ ಎರಡು ಸಾವಿರಕ್ಕೆ ಸಿಕ್ಕಿದ್ದು 27, ಆಮೇಲಿನ ಮೂರು ಸಾವಿರಕ್ಕೂ ಸಿಕ್ಕಿದ್ದು 27. ಲಾಭ ಕ್ರಮೇಣ ಇಳಿಯುತ್ತದೆ. ಹಾಗಾಗಿ ತೀರಾ ಕಷ್ಟಪಟ್ಟು ದೊಡ್ಡ ಇಎಂಐಗೆ ಒಪ್ಪಿಕೊಳ್ಳುವುದಕ್ಕಿಂತ ಆರಾಮಾಗಿ ಕಟ್ಟಬಹುದಾದ ಸಣ್ಣ ಏರಿಕೆಗೇ ನನ್ನ ಓಟು.

ಇನ್ನು ಬೋನಸ್ಸೋ, ಜಮೀನಿನ ದುಡ್ಡೋ ಬಂದು 2 ಲಕ್ಷ ಒಟ್ಟಿಗೆ ಅಸಲಿಗೆ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ಬಾಕಿ 23 ಲಕ್ಷ. ಬಡ್ಡಿ 17,250, ಅಸಲು 7,750, ಪಟ್ಟು 3.2258, ಉತ್ತರ 156.74. 157 ಕಂತು. ಎಂಟು ಕಂತಿನ ದುಡ್ಡು ಈಗ ಕಟ್ಟಿ 29 ಕಂತು ಉಳಿಸಿದಂತೆ. ಆದರೆ ಒಂದು ಮಾತು: ಇಎಂಐ ಹಾಗೇ ಇದ್ದರೆ ಮಾತ್ರ ಈ ಲೆಕ್ಕ. ಹಣ ಕಟ್ಟುವಾಗ “ಅವಧಿ ಇಳಿಸಿ, ಇಎಂಐ ಇಳಿಸಬೇಡಿ” ಅಂತ ಬರವಣಿಗೆಯಲ್ಲಿ ಕೊಡಿ, ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಮತ್ತೆ ಲಾಗ್ ಹಾಕಿ ನೋಡಿ.

ಕ್ರೆಡಿಟ್ ಕಾರ್ಡಿನ ಬಾಕಿಗೂ ಇದೇ ಸೂತ್ರ ಸರಿಹೋಗುತ್ತದೆ, ಹೊಸ ಖರೀದಿ ನಿಲ್ಲಿಸಿ ತಿಂಗಳಿಗೆ ಒಂದೇ ಮೊತ್ತ ಕಟ್ಟುತ್ತಾ ಹೋದರೆ. ಅಲ್ಲಿ ದರವನ್ನು ತಿಂಗಳ ಲೆಕ್ಕದಲ್ಲೇ ಹೇಳುವುದರಿಂದ 12ರಿಂದ ಭಾಗಿಸಬೇಡಿ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ, ಅದನ್ನು ಮರೆಯಬೇಡಿ. ತಿಂಗಳಿಗೆ ಶೇ. 3.5 ಅಂದರೆ ತೆರಿಗೆ ಸೇರಿ ಶೇ. 4.13. ಒಂದು ಲಕ್ಷ ಬಾಕಿಗೆ ತಿಂಗಳಿಗೆ 5,000 ಕಟ್ಟಿದರೆ ಜಿಎಸ್‌ಟಿ ಮರೆತವರಿಗೆ 35 ಕಂತು ಬರುತ್ತದೆ, ನೆನಪಿಟ್ಟವರಿಗೆ 44.

ಈ ಸೂತ್ರ ನಡೆಯದ ಜಾಗ

ಗಾಡಿ, ಫ್ರಿಜ್ಜು ಕೊಳ್ಳುವಾಗ ಕೆಲವು ಕಡೆ “ಫ್ಲಾಟ್ ಹತ್ತು ಪರ್ಸೆಂಟ್” ಅನ್ನುತ್ತಾರೆ. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಕೊನೆಯವರೆಗೂ ಪೂರ್ತಿ ಸಾಲದ ಮೇಲೇ ಬಡ್ಡಿ. ನಮ್ಮ ಸೂತ್ರ ಇಳಿಯುವ ಬಾಕಿಯ ಮೇಲಿನ ಬಡ್ಡಿಗೆ ಮಾಡಿದ್ದು. ಫ್ಲಾಟ್ ದರವನ್ನು ಇದಕ್ಕೆ ತುರುಕಿದರೆ ಉತ್ತರ ತಪ್ಪುತ್ತದೆ. ಆದರೆ ಆ ತಪ್ಪೇ ಒಂದು ಸುಳಿವು ಕೊಡುತ್ತದೆ, ನೋಡಿ.

ಒಂದು ಲಕ್ಷ ಸಾಲ, ಎರಡು ವರ್ಷ, ಫ್ಲಾಟ್ ಶೇ. 10. ಬಡ್ಡಿ 20,000. ಒಟ್ಟು 1,20,000ವನ್ನು 24 ತಿಂಗಳಿಗೆ ಹಂಚಿದರೆ ಕಂತು 5,000. ಈಗ ಇದೇ ಅಂಕಿಗಳನ್ನು ನಮ್ಮ ಹಂತಗಳಲ್ಲಿ ಹಾಕಿ. ಮೊದಲ ತಿಂಗಳ ಬಡ್ಡಿ 833.33, ಅಸಲು 4,166.67, ಪಟ್ಟು 1.2, ಉತ್ತರ 21.97. ಬಡ್ಡಿ ನಿಜವಾಗಿಯೂ ಇಳಿಯುವ ಬಾಕಿಯ ಮೇಲೆ ಶೇ. 10 ಆಗಿದ್ದರೆ ಸಾಲ 22 ಕಂತಿಗೆ ಮುಗಿಯಬೇಕಿತ್ತು. ಅಂಗಡಿಯವರು 24 ಕೇಳುತ್ತಿದ್ದಾರೆ. ಹೇಳಿದ ಕಂತುಗಳು ನಿಮ್ಮ ಲಾಗ್ ಲೆಕ್ಕಕ್ಕಿಂತ ಜಾಸ್ತಿ ಇದ್ದರೆ, ಹೇಳಿದ ದರ ಅಸಲಿ ದರವಲ್ಲ. ಅಸಲಿ ದರ ಎಷ್ಟು ಅಂತ ತಿಳಿಯಲು ಬೇರೆ ಬೇರೆ ದರ ಹಾಕಿ, 24 ಬರುವವರೆಗೆ ಇದೇ ಲೆಕ್ಕ ಮತ್ತೆ ಮಾಡಿ. ಶೇ. 12 ಹಾಕಿ, 15 ಹಾಕಿ, ಇನ್ನೂ ಸಾಲುವುದಿಲ್ಲ. ಶೇ. 18 ಹಾಕಿದಾಗ 23.96 ಬರುತ್ತದೆ.